ಪಾದ ಮಿಡಿದರೆ ಉತ್ತರ ಬೇರೆ

ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ಒಬ್ಬರಿಗೆ ಜ್ವರ ಬಂದಿದೆ. ಮೈಯೆಲ್ಲ ಬೆವರು, ನಾಡಿ ಜೋರು, ಮಾತಿನಲ್ಲಿ ಗೊಂದಲ, ಕೈಕಾಲು ಬಿಗಿ. ಕ್ಯಾಶುವಾಲಿಟಿಯಲ್ಲಿ ಡ್ಯೂಟಿಯಲ್ಲಿರುವ ಯುವ ವೈದ್ಯರ ತಲೆಗೆ ಆಗ ಎರಡು ಹೆಸರು ಒಟ್ಟೊಟ್ಟಿಗೆ ಬರುತ್ತವೆ. ಒಂದು ಸೆರೊಟೋನಿನ್ ಸಿಂಡ್ರೋಮ್. ಇನ್ನೊಂದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್. ಆಸ್ಪತ್ರೆಯಲ್ಲಿ ಎಲ್ಲರೂ ಎನ್‌ಎಂಎಸ್ ಎಂದೇ ಕರೆಯುವುದು. ಎರಡೂ ಔಷಧಿಯಿಂದಲೇ ಬರುವ ತೊಂದರೆಗಳು, ಎರಡೂ ಜೀವ ತೆಗೆಯಬಲ್ಲವು, ದೂರದಿಂದ ನೋಡಿದರೆ ಎರಡೂ ಒಂದೇ ಥರ. ಇವುಗಳ ನಡುವಿನ ವ್ಯತ್ಯಾಸ ವಿದ್ಯಾರ್ಥಿಗೆ ನಿಜವಾಗಿ ಗೊತ್ತಿದೆಯೇ ಎಂದು ಒಂದು ಬಹು ಆಯ್ಕೆಯ ಪ್ರಶ್ನೆಯಿಂದ ಕಂಡುಹಿಡಿಯುವುದು ಹೇಗೆ? ವೈದ್ಯಕೀಯ ವಿದ್ಯಾರ್ಥಿಗಳಿಗೆ ಪ್ರಶ್ನೆ ಬರೆಯುವ ನನ್ನಂಥವರಿಗೆ ಇದು ಬಹಳ ಕಷ್ಟದ, ಆದರೆ ತುಂಬ ಇಷ್ಟದ ಕೆಲಸ.

ಮೊದಲು ಕಾಯಿಲೆಗಳ ಪರಿಚಯ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು, ಡೋಪಮಿನ್ ಇನ್ನೊಂದು. ಸೆರೊಟೋನಿನ್ ಹೆಚ್ಚಿಸುವ ಔಷಧಿಗಳು ಅತಿಯಾದರೆ, ಅದರಲ್ಲೂ ಅಂಥ ಎರಡು ಔಷಧಿಗಳು ಒಟ್ಟು ಸೇರಿದರೆ, ಸೆರೊಟೋನಿನ್ ಸಿಂಡ್ರೋಮ್ ಬರಬಹುದು. ಖಿನ್ನತೆಗೆ ಕೊಡುವ ಸರ್ಟ್ರಾಲಿನ್, ಎಸಿಟಾಲೊಪ್ರಾಮ್‌ನಂಥ ಮಾತ್ರೆಗಳು ಈ ಗುಂಪಿನವು. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್, ಔಷಧಿಗೆ ಬಗ್ಗದ ಕ್ಷಯಕ್ಕೆ ಬಳಸುವ ಲಿನೆಜೋಲಿಡ್ ಕೂಡ ಇದೇ ಪಟ್ಟಿಯಲ್ಲಿವೆ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಎನ್‌ಎಂಎಸ್‌ನ ದಾರಿ ಬೇರೆ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಔಷಧಿಗಳು ಡೋಪಮಿನ್‌ನ ಕೆಲಸಕ್ಕೆ ತಡೆ ಒಡ್ಡುತ್ತವೆ. ಭ್ರಮೆ, ಸಂಶಯಗಳಿಗೆ ಅದೇ ಚಿಕಿತ್ಸೆ. ಆದರೆ ಅಪರೂಪಕ್ಕೆ ಕೆಲವರಲ್ಲಿ ಆ ತಡೆಯಿಂದಲೇ ಸ್ನಾಯುಗಳು ಬಿಗಿದುಕೊಂಡು, ದೇಹದ ಉಷ್ಣ ನಿಯಂತ್ರಣ ತಪ್ಪುತ್ತದೆ. 1960ರಲ್ಲಿ ಫ್ರಾನ್ಸಿನ ಜಾನ್ ದಲೇ ಮತ್ತು ಸಂಗಡಿಗರು ಹ್ಯಾಲೊಪೆರಿಡಾಲ್ ಕೊಟ್ಟ ರೋಗಿಗಳಲ್ಲಿ ಇದನ್ನು ಮೊದಲು ವಿವರಿಸಿದರು.

ಈಗ ಸಾಮಾನ್ಯವಾಗಿ ಕಾಣಸಿಗುವ ಒಂದು ಪ್ರಶ್ನೆ ನೋಡಿ. "ಹ್ಯಾಲೊಪೆರಿಡಾಲ್ ತೆಗೆದುಕೊಳ್ಳುತ್ತಿರುವ 32 ವರ್ಷದ ವ್ಯಕ್ತಿಗೆ ಜ್ವರ, ಬಿಗಿತ, ಗೊಂದಲ. ರೋಗ ಯಾವುದು?" ಆಯ್ಕೆಗಳು: ಎನ್‌ಎಂಎಸ್, ಸೆರೊಟೋನಿನ್ ಸಿಂಡ್ರೋಮ್, ಮಲೇರಿಯಾ, ಸ್ಕಿಜೋಫ್ರೇನಿಯಾ. ತಪ್ಪಿಲ್ಲದ ಪ್ರಶ್ನೆ, ಸರಿಯಾದ ಉತ್ತರವೂ ಇದೆ. ಆದರೂ ಇದನ್ನು ನಾನು ಒಪ್ಪುವುದಿಲ್ಲ. ಹ್ಯಾಲೊಪೆರಿಡಾಲ್ ಎಂದ ಕೂಡಲೇ ಎನ್‌ಎಂಎಸ್ ಎಂದು ಬಾಯಿಪಾಠ ಮಾಡಿದವರು ಉಳಿದದ್ದನ್ನು ಓದದೆಯೇ ಗುರುತು ಹಾಕಿಬಿಡುತ್ತಾರೆ. ಔಷಧಿಯ ಹೆಸರೇ ಉತ್ತರ ಹೇಳಿಬಿಟ್ಟ ಮೇಲೆ ರೋಗಿಯ ಮೈ ಪ್ರಶ್ನೆಯಲ್ಲಿ ಇದ್ದೂ ಇಲ್ಲದ ಹಾಗೆ. ಕ್ಯಾಶುವಾಲಿಟಿಯಲ್ಲಿ ಹೀಗೆ ಆಗುವುದಿಲ್ಲ. ತೀವ್ರ ಖಿನ್ನತೆಯ ಜೊತೆಗೆ ಭ್ರಮೆಯೂ ಇರುವ ರೋಗಿಗೆ ಎರಡೂ ಬಗೆಯ ಮಾತ್ರೆಗಳನ್ನು ಒಟ್ಟಿಗೆ ಕೊಡುವುದು ವಾಡಿಕೆ. ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿಯುವ ಮಾತ್ರೆಗಳಲ್ಲಿ ಎರಡು ಕಾಯಿಲೆಗೂ ಕಾರಣವಾಗಬಲ್ಲವು ಇರುತ್ತವೆ.

ಆದ್ದರಿಂದ ನನ್ನ ಮೊದಲ ನಿಯಮ, ಪ್ರಶ್ನೆಯ ರೋಗಿ ಎರಡೂ ಬಗೆಯ ಔಷಧಿ ನುಂಗುತ್ತಿರಬೇಕು. ಆಗ ಔಷಧಿಯ ಪಟ್ಟಿಯಿಂದ ಉತ್ತರ ಸಿಗುವುದಿಲ್ಲ. ವಿದ್ಯಾರ್ಥಿ ಮುಂದಕ್ಕೆ ಓದಲೇಬೇಕು, ಮತ್ತು ಎರಡು ಕಡೆ ನಿಂತು ಯೋಚಿಸಬೇಕು: ಕಾಲ ಮತ್ತು ಕಾಲು.

ಕಾಲ ಎಂದರೆ ತೊಂದರೆ ಎಷ್ಟು ಬೇಗ ಬಂತು ಎಂಬುದು. ಸೆರೊಟೋನಿನ್ ಸಿಂಡ್ರೋಮ್ ಗಂಟೆಗಳ ಲೆಕ್ಕದ ಕಾಯಿಲೆ. ಹೊಸ ಔಷಧಿ ಸೇರಿದ ಮೇಲೆ ಅಥವಾ ಪ್ರಮಾಣ ಏರಿದ ಮೇಲೆ ಹೆಚ್ಚಿನವರಲ್ಲಿ 24 ಗಂಟೆಯೊಳಗೆ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಆರು ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ. ಎನ್‌ಎಂಎಸ್ ದಿನಗಳ ಲೆಕ್ಕದ್ದು. ಔಷಧಿ ಶುರುವಾಗಿ ಅಥವಾ ಹೆಚ್ಚಾಗಿ ಒಂದೆರಡು ವಾರದೊಳಗೆ, ಎರಡು ಮೂರು ದಿನಗಳಲ್ಲಿ ನಿಧಾನವಾಗಿ ಬಲಿಯುತ್ತದೆ. ಪ್ರಶ್ನೆ ಬರೆಯುವವರು ಔಷಧಿಯ ಹೆಸರನ್ನು ತಪ್ಪದೆ ಬರೆಯುತ್ತಾರೆ. ಯಾವಾಗ ಶುರುವಾಯಿತು, ಪ್ರಮಾಣ ಯಾವಾಗ ಬದಲಾಯಿತು ಎಂಬುದನ್ನು ಬಿಟ್ಟುಬಿಡುತ್ತಾರೆ. ಅದು ಬಿಟ್ಟುಹೋದರೆ ಅನುಭವಿ ವೈದ್ಯರು ಕೂಡ ತೀರ್ಮಾನ ಹೇಳಲು ಹಿಂಜರಿಯಬೇಕಾಗುತ್ತದೆ.

ಇನ್ನು ಕಾಲು. ರೋಗಿಯ ಮಂಡಿಯನ್ನು ಸ್ವಲ್ಪ ಮಡಿಸಿ, ಪಾದವನ್ನು ಥಟ್ಟನೆ ಮೇಲಕ್ಕೆ ತಳ್ಳಿ ಹಾಗೇ ಹಿಡಿದುಕೊಳ್ಳಬೇಕು. ಸೆರೊಟೋನಿನ್ ಹೆಚ್ಚಾದವರಲ್ಲಿ ಪಾದ ಲಯಬದ್ಧವಾಗಿ ಕೆಳಕ್ಕೆ, ಮತ್ತೆ ಕೆಳಕ್ಕೆ ಎಂದು ಮಿಡಿಯತೊಡಗುತ್ತದೆ. ಇದಕ್ಕೆ ಕ್ಲೋನಸ್ ಎನ್ನುತ್ತಾರೆ. ಮೊಣಕಾಲ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಜೋರಾಗಿ ಎಗರುತ್ತದೆ. ಈ ಚುರುಕು ತೋಳುಗಳಿಗಿಂತ ಕಾಲುಗಳಲ್ಲಿ ಹೆಚ್ಚು. ಎನ್‌ಎಂಎಸ್ ರೋಗಿಯಲ್ಲಿ ಚಿತ್ರವೇ ಬೇರೆ. ಕೈಕಾಲನ್ನು ಯಾವ ಕಡೆಗೆ ಮಡಿಸಹೋದರೂ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಪ್ರತಿರೋಧ. ರಿಫ್ಲೆಕ್ಸ್‌ಗಳು ಮಂದವಾಗಿರುತ್ತವೆ ಅಥವಾ ಸಾಮಾನ್ಯವಾಗಿರುತ್ತವೆ. ಮೊದಲನೆಯ ರೋಗಿ ಚಡಪಡಿಸುತ್ತಾನೆ, ಎರಡನೆಯವನು ಮೌನವಾಗಿ ಮರಗಟ್ಟುತ್ತಾನೆ.

ಕ್ಲೋನಸ್‌ಗೆ ಇಷ್ಟು ತೂಕ ಕೊಡುವುದಕ್ಕೆ ಆಧಾರವಿದೆ. ಆಸ್ಟ್ರೇಲಿಯಾದ ನ್ಯೂಕಾಸಲ್ ನಗರದ ವೈದ್ಯರು ಸೆರೊಟೋನಿನ್ ಹೆಚ್ಚಿಸುವ ಔಷಧಿಗಳನ್ನು ಅತಿಯಾಗಿ ನುಂಗಿ ಬಂದ ಎರಡು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2003ರಲ್ಲಿ ಹಂಟರ್ ಮಾನದಂಡಗಳನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಬಳಕೆಯಲ್ಲಿದ್ದದ್ದು 1991ರ ಸ್ಟರ್ನ್‌ಬಾಕ್ ಪಟ್ಟಿ. ಅದರಲ್ಲಿ ಗೊಂದಲ, ಬೆವರು, ನಡುಕ, ಜ್ವರ ಮುಂತಾದ ಹತ್ತು ಲಕ್ಷಣಗಳಿದ್ದವು. ಮೂರು ಸಿಕ್ಕರೆ ಸಾಕಿತ್ತು. ಅವು ಬೇರೆ ಎಷ್ಟೋ ಕಾಯಿಲೆಗಳಲ್ಲೂ ಇರುವಂಥವು. ಹಂಟರ್ ಮಾನದಂಡಗಳು ಕ್ಲೋನಸ್ಸನ್ನು ನಡುವೆ ಇಟ್ಟವು. ಸೆರೊಟೋನಿನ್ ಔಷಧಿ ತೆಗೆದುಕೊಂಡವರಲ್ಲಿ ಪಾದ ತಳ್ಳಿದಾಗ ಕ್ಲೋನಸ್ ಬಂದು, ಜೊತೆಗೆ ಚಡಪಡಿಕೆ ಅಥವಾ ಬೆವರು ಇದ್ದರೆ ಮಾನದಂಡ ಪೂರೈಸಿದಂತೆ. ಜ್ವರ ಇರಲೇಬೇಕೆಂದಿಲ್ಲ.

ಇಷ್ಟನ್ನು ಕೈಯಲ್ಲಿ ಹಿಡಿದು ಪ್ರಶ್ನೆಯನ್ನು ಮತ್ತೆ ಬರೆಯೋಣ. ಪರೀಕ್ಷೆಯಲ್ಲಿ ಇದು ಇಂಗ್ಲಿಷಿನಲ್ಲಿರುತ್ತದೆ. ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ.

"46 ವರ್ಷದ ಮಹಿಳೆಯನ್ನು ಬೆಳಿಗ್ಗೆ 7 ಗಂಟೆಗೆ ಕ್ಯಾಶುವಾಲಿಟಿಗೆ ಕರೆತರಲಾಗಿದೆ. ರಾತ್ರಿ 2 ಗಂಟೆಯಿಂದ ಚಡಪಡಿಕೆ, ನಡುಕ. ಮೂರು ಸಲ ಭೇದಿಯಾಗಿದೆ. ಒಂದು ವರ್ಷದಿಂದ ಸರ್ಟ್ರಾಲಿನ್, ರಿಸ್ಪೆರಿಡೋನ್, ಟ್ರೈಹೆಕ್ಸಿಫೆನಿಡಿಲ್ ತೆಗೆದುಕೊಳ್ಳುತ್ತಿದ್ದಾರೆ, ಪ್ರಮಾಣ ಬದಲಾಗಿಲ್ಲ. ಮಂಡಿನೋವಿಗೆ ನಿನ್ನೆ ಮಧ್ಯಾಹ್ನ ಮತ್ತು ರಾತ್ರಿ ಟ್ರಮಡಾಲ್ ನುಂಗಿದ್ದಾರೆ. ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್, ನಾಡಿ 124, ಬಿಪಿ 158/94. ಮೈ ಬೆವರಿದೆ, ಕಣ್ಣಿನ ಪಾಪೆ ಹಿಗ್ಗಿದೆ, ಕರುಳಿನ ಸದ್ದು ಜೋರಾಗಿದೆ. ಕುತ್ತಿಗೆ ಬಿಗಿದಿಲ್ಲ. ಕಾಲುಗಳ ಬಿಗಿತ ತೋಳುಗಳಿಗಿಂತ ಹೆಚ್ಚು. ಪಾದವನ್ನು ಮೇಲಕ್ಕೆ ತಳ್ಳಿ ಹಿಡಿದಾಗ ಅದು ಲಯಬದ್ಧವಾಗಿ ಏಳೆಂಟು ಸಲ ಮಿಡಿಯುತ್ತದೆ. ಅತಿ ಸಂಭವನೀಯ ರೋಗನಿರ್ಣಯ ಯಾವುದು?"

ಇಲ್ಲಿ ಕ್ಲೋನಸ್ ಎಂಬ ಪದವನ್ನು ಬೇಕೆಂದೇ ಬರೆದಿಲ್ಲ. ಆ ಪದ ಕಂಡರೆ ಸಾಕು, ಸೆರೊಟೋನಿನ್ ಎಂದು ಗುರುತು ಹಾಕುವವರು ಬಹಳ ಜನ. ರೋಗಿ ತನ್ನ ಪಾದದ ಮೇಲೆ ಹೆಸರು ಬರೆದುಕೊಂಡು ಬರುವುದಿಲ್ಲ. ಕಂಡದ್ದನ್ನು ವರ್ಣಿಸಿ ಕೊಟ್ಟರೆ ಅದನ್ನು ಗುರುತಿಸುವ ಕೆಲಸ ವಿದ್ಯಾರ್ಥಿಯದ್ದಾಗುತ್ತದೆ.

ಮಂಡಿನೋವು ಕೂಡ ಅಲಂಕಾರಕ್ಕೆ ಬಂದದ್ದಲ್ಲ, ಟ್ರಮಡಾಲ್ ಬಂದದ್ದು ಅದರಿಂದ. ಕೇಸ್‌ಗೆ ಕಳೆ ಬರಲಿ ಎಂದು ಊರು, ಉದ್ಯೋಗ, ಬಾಲ್ಯದ ಕಾಯಿಲೆಗಳನ್ನೆಲ್ಲ ತುಂಬುವವರಿದ್ದಾರೆ. ಸ್ನಾತಕೋತ್ತರ ಪ್ರವೇಶದ ನೀಟ್-ಪಿಜಿ ಪರೀಕ್ಷೆಯಲ್ಲಿ ಮೂರೂವರೆ ಗಂಟೆಗೆ 200 ಪ್ರಶ್ನೆ; ಒಂದಕ್ಕೆ ಸಿಗುವುದು ಒಂದು ನಿಮಿಷದ ಮೇಲೆ ಮೂರು ಸೆಕೆಂಡು. ಓದುವುದಕ್ಕೇ ಅದರಲ್ಲಿ ಅರ್ಧ ಹೋಗುತ್ತದೆ. ಉತ್ತರಕ್ಕೆ ಹತ್ತಿರ ಒಯ್ಯದ, ಬೇರೆ ಆಯ್ಕೆಯಿಂದ ದೂರವೂ ಮಾಡದ ವಾಕ್ಯ ಓದುವ ವೇಗವನ್ನಷ್ಟೇ ಅಳೆಯುತ್ತದೆ. ಹಾಗೆಂದು ಕೊರೆದು ಕೊರೆದು ಅಸ್ಥಿಪಂಜರ ಮಾಡಿದರೂ ಕಷ್ಟ, ಮತ್ತೆ ಹ್ಯಾಲೊಪೆರಿಡಾಲ್ ಪ್ರಶ್ನೆಗೇ ಹೋಗಿ ನಿಲ್ಲುತ್ತೇವೆ.

ಆಯ್ಕೆಗಳ ವಿಷಯಕ್ಕೆ ಬರೋಣ. ನನ್ನ ನಾಲ್ಕು: ಸೆರೊಟೋನಿನ್ ಸಿಂಡ್ರೋಮ್, ಎನ್‌ಎಂಎಸ್, ಆಂಟಿಕೊಲಿನರ್ಜಿಕ್ ವಿಷಬಾಧೆ, ಎನ್‌ಸೆಫಲೈಟಿಸ್. ತಪ್ಪು ಆಯ್ಕೆಗೆ ಪ್ರಶ್ನೆ ಬರೆಯುವವರ ಭಾಷೆಯಲ್ಲಿ ಡಿಸ್ಟ್ರಾಕ್ಟರ್ ಎನ್ನುತ್ತಾರೆ. ಅರ್ಧ ತಿಳಿದವರು ಅದನ್ನು ನ್ಯಾಯವಾಗಿಯೇ ಆರಿಸುವಂತಿರಬೇಕು, ಪೂರ್ತಿ ತಿಳಿದವರು ಕಾರಣ ಕೊಟ್ಟು ತಳ್ಳಿಹಾಕುವಂತಿರಬೇಕು. ಎನ್‌ಎಂಎಸ್‌ಗೆ ರಿಸ್ಪೆರಿಡೋನ್ ಕಾರಣ ಒದಗಿಸುತ್ತದೆ. ಆಂಟಿಕೊಲಿನರ್ಜಿಕ್ ವಿಷಬಾಧೆಗೆ ಟ್ರೈಹೆಕ್ಸಿಫೆನಿಡಿಲ್ ಇದೆ. ನಮ್ಮಲ್ಲಿ ರಿಸ್ಪೆರಿಡೋನ್ ಜೊತೆ ಅದನ್ನು ಬರೆದುಕೊಡುವುದು ಬಹಳ ಸಾಮಾನ್ಯ. ಆ ವಿಷಬಾಧೆಯಲ್ಲೂ ಜ್ವರ, ಚಡಪಡಿಕೆ, ಹಿಗ್ಗಿದ ಪಾಪೆ ಇರುತ್ತವೆ. ಆದರೆ ಚರ್ಮ ಒಣಗಿ ಕೆಂಪಾಗಿರುತ್ತದೆ, ಕರುಳು ಸದ್ದಡಗಿಸಿರುತ್ತದೆ. ನಮ್ಮ ರೋಗಿ ಬೆವರಿದ್ದಾಳೆ, ಭೇದಿಯಾಗಿದೆ, ಕರುಳು ಸದ್ದು ಮಾಡುತ್ತಿದೆ. ಎನ್‌ಸೆಫಲೈಟಿಸ್‌ಗೆ ಜ್ವರ ಮತ್ತು ಚಡಪಡಿಕೆಯ ಬೆಂಬಲ. ಇದನ್ನು ಕುತ್ತಿಗೆ ಬಿಗಿದಿಲ್ಲ ಎಂಬ ಒಂದೇ ಮಾತಿನಿಂದ ತಳ್ಳಿಹಾಕಲಾಗದು. ಟ್ರಮಡಾಲ್ ಆದ ಕೆಲವೇ ಗಂಟೆಗಳಲ್ಲಿ ಶುರುವಾದದ್ದು, ಕಾಲುಗಳಲ್ಲೇ ಹೆಚ್ಚಾದ ಚುರುಕು, ಭೇದಿ, ಬೆವರು ಎಲ್ಲ ಸೇರಿ ಅದನ್ನು ಹಿಂದಕ್ಕೆ ಸರಿಸುತ್ತವೆ. ಹೀಗಾಗಿಯೇ ಪ್ರಶ್ನೆಯ ಕೊನೆಯಲ್ಲಿ "ಅತಿ ಸಂಭವನೀಯ" ಎಂಬ ಮಾತು ಇರುವುದು.

ಹಲವು ಪ್ರಶ್ನೆಗಳಲ್ಲಿ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂಬ ಆಯ್ಕೆ ಇರುತ್ತದೆ. ಪಠ್ಯಪುಸ್ತಕದ ಕೋಷ್ಟಕದಲ್ಲಿ ಅದು ಈ ಎರಡರ ಪಕ್ಕದಲ್ಲೇ ಕೂತಿರುವುದರಿಂದ ಕೈ ತಾನಾಗಿ ಅದನ್ನು ಬರೆಯುತ್ತದೆ. ಅದು ಅರಿವಳಿಕೆಯ ಅನಿಲ ಅಥವಾ ಸಕ್ಸಿನೈಲ್‌ಕೋಲಿನ್ ಕೊಟ್ಟಾಗ ಬರುವ ಕಾಯಿಲೆ. ಆಪರೇಷನ್ನೇ ಇಲ್ಲದ ಕಥೆಯಲ್ಲಿ ಅದನ್ನು ಯಾರೂ ಆರಿಸುವುದಿಲ್ಲ. ನಾಲ್ಕು ಆಯ್ಕೆಯ ಪ್ರಶ್ನೆ ಸದ್ದಿಲ್ಲದೆ ಮೂರರದ್ದಾಗುತ್ತದೆ, ಊಹಿಸಿ ಬರೆಯುವವರಿಗೆ ಲಾಭ.

ಪ್ರಶ್ನೆ ಬರೆದಾದ ಮೇಲೆ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಡುತ್ತೇನೆ. ಅಮೆರಿಕದ ವೈದ್ಯಕೀಯ ಪರೀಕ್ಷಾ ಮಂಡಳಿಯ ಕೈಪಿಡಿ ಬಹಳ ಕಾಲದಿಂದ ಹೇಳುತ್ತಿರುವ ಪರೀಕ್ಷೆ ಇದು. ಆಯ್ಕೆ ನೋಡದೆಯೇ ಉತ್ತರ ಹೊಳೆಯಬೇಕು. "ಇನ್ನೂ ಏನೋ ಬೇಕಲ್ಲ ಮೇಡಂ" ಎಂದು ಅವರು ತಡವರಿಸಿದರೆ ಕೇಸ್‌ನಲ್ಲಿ ಏನೋ ಕೊರತೆಯಿದೆ ಎಂದರ್ಥ.

ಒಂದು ಪ್ರಶ್ನೆಯಿಂದ ಮಾತ್ರ ನನಗೆ ತೃಪ್ತಿಯಿಲ್ಲ. ಇದಕ್ಕೊಂದು ಜೋಡಿ ಬರೆಯುತ್ತೇನೆ. ಅದೇ ವಯಸ್ಸಿನ ಮಹಿಳೆ, ಅದೇ ಮೂರು ಮಾತ್ರೆ. ಟ್ರಮಡಾಲ್ ಇಲ್ಲ. ಒಂಬತ್ತು ದಿನದ ಹಿಂದೆ ರಿಸ್ಪೆರಿಡೋನ್ ಪ್ರಮಾಣವನ್ನು 4 ಮಿಲಿಗ್ರಾಂನಿಂದ 8ಕ್ಕೆ ಏರಿಸಲಾಗಿದೆ. ಮೂರು ದಿನದಿಂದ ಮಾತು ಕಡಿಮೆಯಾಗುತ್ತ ಬಂದು ಈಗ ಊಟವನ್ನೂ ಬಿಟ್ಟಿದ್ದಾರೆ. ಉಷ್ಣತೆ 39.8, ಬೆವರಿದೆ, ಬಿಪಿ ಬೆಳಿಗ್ಗೆ 170/100 ಇದ್ದದ್ದು ಮಧ್ಯಾಹ್ನ 110/70. ತೋಳು, ಕಾಲು ಎರಡರಲ್ಲೂ ಒಂದೇ ಸಮನೆ ಬಿಗಿತ. ರಿಫ್ಲೆಕ್ಸ್ ಮಂದ, ಪಾದ ತಳ್ಳಿದರೆ ಏನೂ ಆಗುವುದಿಲ್ಲ. ಆಯ್ಕೆಗಳು ಮೊದಲಿನವೇ ನಾಲ್ಕು, ಉತ್ತರ ಎನ್‌ಎಂಎಸ್. ಒಂದನ್ನು ಪ್ರಶ್ನೆಪತ್ರಿಕೆಯ ಆರಂಭದಲ್ಲಿ, ಇನ್ನೊಂದನ್ನು ಬಹಳ ಹಿಂದೆ ಇಡಬೇಕು. ಎರಡಕ್ಕೂ ಸರಿಯಾಗಿ ಉತ್ತರಿಸಿದವರು ವ್ಯತ್ಯಾಸವನ್ನು ಬಲ್ಲವರು. ಎರಡಕ್ಕೂ ಎನ್‌ಎಂಎಸ್ ಎಂದು ಬರೆದವರು ಇನ್ನೂ ಔಷಧಿಯ ಹೆಸರನ್ನೇ ನೋಡುತ್ತಿದ್ದಾರೆ.

ರಕ್ತಪರೀಕ್ಷೆಯ ಫಲಿತಾಂಶ ಸೇರಿಸಬೇಕೆ ಎಂಬ ಚರ್ಚೆ ಪ್ರತಿ ಸಲ ಏಳುತ್ತದೆ. ಸ್ನಾಯುಗಳು ಹಾನಿಗೊಂಡಾಗ ರಕ್ತದಲ್ಲಿ ಸಿಕೆ ಎಂಬ ಕಿಣ್ವ ಏರುತ್ತದೆ. ಎನ್‌ಎಂಎಸ್‌ನಲ್ಲಿ ಅದು ಸಾವಿರಗಳನ್ನು ದಾಟುವುದು ಸಾಮಾನ್ಯ. ಬಿಳಿ ರಕ್ತಕಣಗಳೂ ಏರುತ್ತವೆ. ಜೋಡಿ ಪ್ರಶ್ನೆಯಲ್ಲಿ ಸಿಕೆ 14,000 ಎಂದು ಬರೆದುಬಿಟ್ಟರೆ ವಿದ್ಯಾರ್ಥಿಗೆ ಆರಾಮ. ನಾನು ಬರೆಯುವುದಿಲ್ಲ. ತೀವ್ರವಾದ ಸೆರೊಟೋನಿನ್ ಸಿಂಡ್ರೋಮ್‌ನಲ್ಲೂ ಬಿಗಿತದಿಂದ ಸಿಕೆ ಏರಬಹುದಾದ್ದರಿಂದ ಅದು ಇವೆರಡನ್ನು ಬೇರ್ಪಡಿಸುವ ಗೆರೆಯಾಗದು. ಜೊತೆಗೆ ಲ್ಯಾಬ್ ರಿಪೋರ್ಟ್ ಬರುವ ಮೊದಲೇ, ಹಾಸಿಗೆಯ ಪಕ್ಕದಲ್ಲಿ ನಿಂತು ತಿಳಿಯಬಹುದಾದದ್ದನ್ನು ವಿದ್ಯಾರ್ಥಿ ತಿಳಿಯಬೇಕು ಎಂಬುದು ನನ್ನ ಹಟ.

ಚಿಕಿತ್ಸೆಯ ಬಗ್ಗೆ ಕೇಳುವಾಗ ಇನ್ನೂ ಎಚ್ಚರ ಬೇಕು. "ಮುಂದಿನ ಹೆಜ್ಜೆ ಏನು?" ಎಂದು ಕೇಳಿ, ಉತ್ತರ "ಕಾರಣವಾದ ಔಷಧಿ ನಿಲ್ಲಿಸಿ, ಮೈ ತಣಿಸಿ, ಲೊರಾಜೆಪಾಮ್ ಕೊಡುವುದು" ಎಂದಿದ್ದರೆ ಅದು ಎರಡೂ ಕಾಯಿಲೆಗೆ ಸಲ್ಲುತ್ತದೆ. ಯಾವ ಕಾಯಿಲೆ ಎಂದು ತಿಳಿಯದವರೂ ಸರಿ ಗುರುತು ಹಾಕುತ್ತಾರೆ. ದಾರಿ ಕವಲೊಡೆಯುವುದು ಅದರಾಚೆ. ಸೆರೊಟೋನಿನ್ ಸಿಂಡ್ರೋಮ್‌ಗೆ ಸೈಪ್ರೊಹೆಪ್ಟಡಿನ್. ಮಕ್ಕಳ ಹಸಿವು ಹೆಚ್ಚಲೆಂದು ಕೊಡುವ ಸಿರಪ್ಪಿನಲ್ಲಿರುವ ಅದೇ ಔಷಧಿ, ಇಲ್ಲಿ ಮೊದಲ ಡೋಸ್ 12 ಮಿಲಿಗ್ರಾಂ. ಎನ್‌ಎಂಎಸ್ ತೀವ್ರವಾಗಿದ್ದರೆ ಡೋಪಮಿನ್‌ನಂತೆ ಕೆಲಸ ಮಾಡುವ ಬ್ರೊಮೊಕ್ರಿಪ್ಟಿನ್. ಅದನ್ನು ಸೆರೊಟೋನಿನ್ ರೋಗಿಗೆ ಕೊಟ್ಟರೆ ಸ್ಥಿತಿ ಹದಗೆಡಬಹುದು. ಆದ್ದರಿಂದ ಪ್ರಶ್ನೆಯನ್ನು ಹೀಗೆ ತಿರುಗಿಸುವುದು ಮೇಲು: "ಔಷಧಿಗಳನ್ನು ನಿಲ್ಲಿಸಿ, ಮೈ ತಣಿಸಿ, ಲೊರಾಜೆಪಾಮ್ ಕೊಟ್ಟ ಮೇಲೂ ಚಡಪಡಿಕೆ ಇಳಿದಿಲ್ಲ. ಈಗ ಸೇರಿಸಬೇಕಾದ ಔಷಧಿ ಯಾವುದು?"

ಕೆಲವು ರೋಗಿಗಳ ಕಥೆ ಮಾತ್ರ ಪರೀಕ್ಷೆಗೆ ಒಗ್ಗುವುದಿಲ್ಲ. 1984ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ 18 ವರ್ಷದ ಲಿಬ್ಬಿ ಜಯಾನ್ ಅಂಥವಳು. ಖಿನ್ನತೆಗೆ ಫೆನೆಲ್ಜಿನ್ ತೆಗೆದುಕೊಳ್ಳುತ್ತಿದ್ದ ಹುಡುಗಿ ಜ್ವರ, ಮೈ ಅದುರಿಕೆಯೊಂದಿಗೆ ದಾಖಲಾದಳು. ಅದುರಿಕೆಗೆಂದು ಪೆಥಿಡಿನ್ ಕೊಟ್ಟರು. ಚಡಪಡಿಕೆ ಹೆಚ್ಚಾದಾಗ ಹ್ಯಾಲೊಪೆರಿಡಾಲ್ ಕೊಟ್ಟು, ಮಂಚಕ್ಕೆ ಕಟ್ಟಿದರು. ಬೆಳಗಿನ ಹೊತ್ತಿಗೆ ಜ್ವರ 107 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ, ಹೃದಯ ನಿಂತಿತು. ಫೆನೆಲ್ಜಿನ್ ಮತ್ತು ಪೆಥಿಡಿನ್ ಸೇರಿ ಸೆರೊಟೋನಿನ್ ಸಿಂಡ್ರೋಮ್ ಆಯಿತೆಂದು ಇಂದು ಹಲವು ವೈದ್ಯರು ನಂಬುತ್ತಾರೆ. ನ್ಯಾಯಾಲಯದಲ್ಲಿ ಬೇರೆ ಕಾರಣಗಳ ವಾದವೂ ನಡೆಯಿತು. ಅವಳ ತಂದೆ, ಪತ್ರಕರ್ತ ಸಿಡ್ನಿ ಜಯಾನ್, ನಡೆಸಿದ ಹೋರಾಟದ ಫಲವಾಗಿ ನ್ಯೂಯಾರ್ಕ್ ರಾಜ್ಯ 1989ರಲ್ಲಿ ತರಬೇತಿ ವೈದ್ಯರ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ತರಗತಿಯಲ್ಲಿ ಕೂತು ಚರ್ಚಿಸಬೇಕಾದ ಪ್ರಕರಣ ಇದು. ಆದರೆ ಎರಡೂ ಬಗೆಯ ಔಷಧಿ ಒಂದೇ ರಾತ್ರಿ ಸೇರಿವೆ, ಜ್ವರ ಮೊದಲೇ ಇತ್ತು, ಸಾವಿನ ಕಾರಣದ ಬಗ್ಗೆ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಇದಕ್ಕೆ ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಆರಿಸು ಎಂದರೆ ವಿದ್ಯಾರ್ಥಿಗೆ ಅನ್ಯಾಯ.

ಅಷ್ಟೇ ಮುಖ್ಯವಾದ ಇನ್ನೊಂದು ಮಿತಿ ಇದೆ. ಸೆರೊಟೋನಿನ್ ಸಿಂಡ್ರೋಮ್ ವಿಪರೀತಕ್ಕೆ ಹೋದಾಗ ಮೈ ಎಷ್ಟು ಬಿಗಿಯುತ್ತದೆಂದರೆ ಕ್ಲೋನಸ್ ಅದರೊಳಗೆ ಮುಚ್ಚಿಹೋಗುತ್ತದೆ. ಪ್ರಶ್ನೆಯಲ್ಲಿ ಉಷ್ಣತೆ 41.5 ಎಂದೂ ಸರ್ವಾಂಗ ಬಿಗಿತವೆಂದೂ ಬರೆದು, ಸೆರೊಟೋನಿನ್ ಎಂಬ ಉತ್ತರ ನಿರೀಕ್ಷಿಸುವುದು ತರವಲ್ಲ. ಮೊದಲ ಪ್ರಶ್ನೆಯ ಜ್ವರವನ್ನು 38.5ಕ್ಕೆ ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಯ ಪರೀಕ್ಷೆ ಶುರು. ನೂರು ಜನ ಬರೆದಿದ್ದಾರೆ ಎಂದುಕೊಳ್ಳಿ. ಒಟ್ಟು ಅಂಕದಲ್ಲಿ ಮೇಲಿನ 27 ಜನರನ್ನೂ ಕೆಳಗಿನ 27 ಜನರನ್ನೂ ಬೇರೆ ಮಾಡುತ್ತೇವೆ. ನಮ್ಮ ಮೊದಲ ಪ್ರಶ್ನೆಗೆ ಮೇಲಿನವರಲ್ಲಿ 22 ಮಂದಿ, ಕೆಳಗಿನವರಲ್ಲಿ 9 ಮಂದಿ ಸರಿ ಉತ್ತರ ಕೊಟ್ಟಿದ್ದರೆ ವ್ಯತ್ಯಾಸ 13. ಅದನ್ನು 27ರಿಂದ ಭಾಗಿಸಿದರೆ ಸುಮಾರು 0.48. ಬಲ್ಲವರನ್ನೂ ಅಲ್ಲದವರನ್ನೂ ಪ್ರಶ್ನೆ ಚೆನ್ನಾಗಿ ಬೇರ್ಪಡಿಸಿದೆ. ಈ ಸಂಖ್ಯೆ 0.2ಕ್ಕಿಂತ ಕೆಳಗಿಳಿದರೆ ಪ್ರಶ್ನೆಯನ್ನು ತೆರೆದು ನೋಡಬೇಕು. ಮೇಲಿನ 27ರಲ್ಲಿ ಹತ್ತು ಹನ್ನೆರಡು ಮಂದಿ ಒಟ್ಟಾಗಿ ಎನ್‌ಎಂಎಸ್ ಆರಿಸಿದ್ದರೆ ನಾನು ಅವರನ್ನು ದೂರುವ ಮೊದಲು ಕೇಸ್ ಓದುತ್ತೇನೆ. ಹೆಚ್ಚಾಗಿ ಸಮಯದ ವಾಕ್ಯ ಮಸುಕಾಗಿರುತ್ತದೆ, ಇಲ್ಲವೇ ಬಿಗಿತದ ವರ್ಣನೆ ಎರಡಕ್ಕೂ ಹೊಂದುವಂತಿರುತ್ತದೆ.

ಹಾಗೆಯೇ ನೂರರಲ್ಲಿ ಐದು ಜನ ಕೂಡ ಆರಿಸದ ಆಯ್ಕೆ ಕೆಲಸ ಮಾಡುತ್ತಿಲ್ಲ ಎಂದು ಲೆಕ್ಕ. ಎನ್‌ಸೆಫಲೈಟಿಸ್‌ಗೆ ಆ ಗತಿ ಬಂದರೆ ಮುಂದಿನ ಸಲ ಆ ಜಾಗಕ್ಕೆ ಮದ್ಯ ಬಿಟ್ಟಾಗಿನ ಸನ್ನಿಯನ್ನು ತರುತ್ತೇನೆ. ನಡುಕ, ಬೆವರು, ಜೋರಾದ ನಾಡಿ ಅದರಲ್ಲೂ ಇವೆ. ಆಗ ಕೇಸ್‌ನಲ್ಲಿ "ಕುತ್ತಿಗೆ ಬಿಗಿದಿಲ್ಲ" ಎಂಬ ವಾಕ್ಯ ತೆಗೆದು, ಎಷ್ಟೋ ವರ್ಷದಿಂದ ಕುಡಿಯುವ ಅಭ್ಯಾಸವಿದ್ದು ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬ ಸಾಲು ಸೇರಿಸಬೇಕು. ಆಯ್ಕೆ ಬದಲಾದರೆ ಕೇಸ್ ಕೂಡ ಬದಲಾಗಲೇಬೇಕು.